ಹಳೇ ದರ ಮತ್ತೆ ಸಿಗುತ್ತಾ?

ನಿಮ್ಮ ಆ್ಯಪ್ ಚಂದಾ ತಿಂಗಳಿಗೆ 99 ರೂಪಾಯಿ, ಹೊಸಬರಿಗೆ 149 ಅಂದುಕೊಳ್ಳಿ. ಪ್ಲೇ ಸ್ಟೋರ್‌ನಲ್ಲಿ ಹಳೇ ದರ ಉಳಿಯೋದು ಚಂದಾ ಕಡಿಯದೆ ನಡೆಯುವವರೆಗೆ ಮಾತ್ರ.

12ನೇ ತಾರೀಕು ರದ್ದು ಮಾಡಿದಿರಿ, ಅವಧಿ 20ರವರೆಗಿದೆ. 18ಕ್ಕೆ ಮನಸ್ಸು ಬದಲಾಯಿತಾ? ಅದೇ ಚಂದಾವನ್ನು ಮತ್ತೆ ಚಾಲೂ ಮಾಡಿ, 99 ಮುಂದುವರಿಯುತ್ತೆ. 21ಕ್ಕೆ ಬಂದರೆ ಅದು ಹೊಸ ಚಂದಾ, 149 ಕೊಡಬೇಕು. ಎಷ್ಟು ವರ್ಷದ ಗ್ರಾಹಕರಾಗಿದ್ದರೂ ಅಷ್ಟೇ.

ಕಾರ್ಡ್ ಅವಧಿ ಮುಗಿದು ಹಣ ಕಡಿತವಾಗಲಿಲ್ಲವಾ? ಗಾಬರಿಯಿಂದ ಹೊಸದಾಗಿ ಚಂದಾ ಕಟ್ಟಬೇಡಿ. ಸಾಮಾನ್ಯವಾಗಿ ಕೆಲವು ದಿನ ಕಾಲಾವಕಾಶ ಇರುತ್ತೆ. ಪ್ಲೇ ಸ್ಟೋರ್‌ನ Subscriptions ತೆರೆದು, ಹಳೇ ಚಂದಾಕ್ಕೇ ಹೊಸ ಕಾರ್ಡ್ ಸೇರಿಸಿ.

ಚಾಲೂ ಮಾಡುವ ಮುನ್ನ ಪರದೆಯ ಮೇಲಿನ ಮೊತ್ತ ನೋಡಿ. 149 ಕಂಡರೆ, ಹಳೇ ದರ ಕೈತಪ್ಪಿದೆ ಎಂದರ್ಥ.