ಶಟ್ಲ್ ಕೋರ್ಟಿನಲ್ಲಿ ‘ಫೈಬರ್’ ಕನ್ನಡಕ

ಜೂನಿನಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಬಯಲಿನ ಕ್ರಿಕೆಟ್ ಮುಗಿದಂತೆ. ಮೂಡುಬಿದಿರೆಯ ಸ್ವರಾಜ್ಯ ಮೈದಾನವಿರಲಿ, ಬಿ.ಸಿ. ರೋಡಿನ ಆಚೀಚೆಯ ಗದ್ದೆ ಬಯಲುಗಳಿರಲಿ, ಬ್ಯಾಟ್ ಹಿಡಿದವರೆಲ್ಲ ರ್‍ಯಾಕೆಟ್ ಹಿಡಿದು ಶೀಟಿನ ಮಾಡಿನ ಅಡಿಗೆ ಬರುತ್ತಾರೆ. ಸಂಜೆ ಏಳರ ಡಬಲ್ಸಿನಲ್ಲಿ ನಾಲ್ವರ ಪೈಕಿ ಇಬ್ಬರಿಗಾದರೂ ಕನ್ನಡಕ ಇರುತ್ತದೆ. ಕೆಲವರು ಅದನ್ನು ಕಳಚಿ ಬ್ಯಾಗಿನ ಮೇಲಿಟ್ಟು ಅಂದಾಜಿನಲ್ಲಿ ಆಡುತ್ತಾರೆ. ಉಳಿದವರು ಕಚೇರಿಗೆ ಹಾಕಿಕೊಂಡು ಹೋದದ್ದನ್ನೇ ಹಾಕಿಕೊಂಡು ಆಡುತ್ತಾರೆ. ಎರಡು ಗುಂಪಿನವರೂ ತಮ್ಮ ಅಭ್ಯಾಸಕ್ಕೆ ಕೊಡುವ ಕಾರಣಗಳನ್ನು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ತಪ್ಪು.

“ಕಾಕ್ ಅಲ್ವಾ ಮಾರಾಯ್ರೆ, ಐದು ಗ್ರಾಮ್ ಇಲ್ಲ. ಹೆದರುವುದಿದ್ದರೆ ಕ್ರಿಕೆಟ್ ಚೆಂಡಿಗೆ.”

ತೂಕದ ಮಾತು ಹೆಚ್ಚುಕಡಿಮೆ ನಿಜ. ನಿಯಮದ ಪ್ರಕಾರ ಕಾಕ್ 4.74ರಿಂದ 5.50 ಗ್ರಾಮ್ ಇರಬೇಕು. ಕ್ರಿಕೆಟ್ ಚೆಂಡು ಅದರ ಮೂವತ್ತು ಪಟ್ಟು ತೂಗುತ್ತದೆ. ಆದರೆ ಕಣ್ಣಿನ ಲೆಕ್ಕದಲ್ಲಿ ತೂಕಕ್ಕಿಂತ ಮೊದಲು ನೋಡಬೇಕಾದದ್ದು ಗಾತ್ರ. ಕಣ್ಣುಗುಡ್ಡೆ ಕೂತಿರುವ ಎಲುಬಿನ ಗೂಡಿನ ಬಾಯಿ ಸುಮಾರು ನಾಲ್ಕು ಸೆಂಟಿಮೀಟರ್ ಅಗಲ, ಮೂರೂವರೆ ಎತ್ತರ. ಕ್ರಿಕೆಟ್ ಚೆಂಡಿನ ಅಡ್ಡಳತೆ ಏಳು ಸೆಂಟಿಮೀಟರ್ ದಾಟುತ್ತದೆ, ಆದ್ದರಿಂದ ಅದರ ಪೆಟ್ಟಿನ ದೊಡ್ಡ ಪಾಲನ್ನು ಹುಬ್ಬಿನ ಮತ್ತು ಕೆನ್ನೆಯ ಎಲುಬು ತಿನ್ನುತ್ತವೆ. ಕಾಕಿನ ತಲೆಯಲ್ಲಿರುವ ಬೆಂಡಿನ ಅಗಲ ಎರಡೂವರೆಯಿಂದ 2.8 ಸೆಂಟಿಮೀಟರ್ ಮಾತ್ರ. ಎಲುಬನ್ನು ಮುಟ್ಟದೆಯೇ ಅದು ನೇರ ಗುಡ್ಡೆಗೆ ಹೋಗಿ ಬಡಿಯಬಲ್ಲದು. ಅದೂ ಹಾರುವಾಗ ಗರಿ ಹಿಂದೆ, ಬೆಂಡು ಮುಂದೆ.

ವೇಗದ ವಿಷಯಕ್ಕೆ ಬಂದರೆ, ಸಾತ್ವಿಕ್ ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನಲ್ಲಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ಎಂದು ಗಿನ್ನೆಸ್ ದಾಖಲೆಯಾಗಿದೆ. ಅದು ರ್‍ಯಾಕೆಟ್ ಬಿಟ್ಟ ಕ್ಷಣದ ವೇಗ. ಗರಿಗಳು ಗಾಳಿಯನ್ನು ಹಿಡಿಯುವುದರಿಂದ ಅಂಕಣದ ಆ ತುದಿ ಮುಟ್ಟುವಾಗ ಕಾಕ್ ಬಹಳ ಸೋತಿರುತ್ತದೆ. ಅಪಾಯ ಇರುವುದು ಹತ್ತಿರದಲ್ಲಿ. ಡಬಲ್ಸಿನಲ್ಲಿ ನೆಟ್ಟಿನ ಬಳಿ ನಿಂತವರು “ಹಿಂದಿನವ ಹೊಡೆದನೋ ಇಲ್ಲವೋ” ಎಂದು ತಿರುಗಿ ನೋಡುತ್ತಾರಲ್ಲ, ಆಗ ಜೊತೆಗಾರನ ಸ್ಮ್ಯಾಶಿಗೂ ಅವರ ಮುಖಕ್ಕೂ ನಡುವೆ ಮೂರು ನಾಲ್ಕು ಮೀಟರ್ ಅಷ್ಟೇ.

ಹಾಗೆಂದು ಕ್ರಿಕೆಟ್ ಚೆಂಡು ಕಣ್ಣನ್ನು ಬಿಟ್ಟುಬಿಡುತ್ತದೆ ಎಂದುಕೊಳ್ಳಬೇಡಿ. 2000ದ ಏಷ್ಯಾ ಕಪ್ಪಿನಲ್ಲಿ, ಢಾಕಾದಲ್ಲಿ, ಪಕ್ಕದ ಕುಂಬಳೆಯ ಹೆಸರು ಹೊತ್ತ ಅನಿಲ್ ಕುಂಬ್ಳೆಯವರ ಎಸೆತ ಚಿಮ್ಮಿ ಕೀಪರ್ ಸಬಾ ಕರೀಮ್ ಅವರ ಬಲಗಣ್ಣಿಗೆ ಬಡಿಯಿತು. ಅವರ ಆಟದ ಬದುಕು ಬಹುತೇಕ ಅಲ್ಲಿಗೆ ನಿಂತಿತು. 2012ರಲ್ಲಿ ಟಾಂಟನ್‌ನಲ್ಲಿ ದಕ್ಷಿಣ ಆಫ್ರಿಕಾದ ಕೀಪರ್ ಮಾರ್ಕ್ ಬೌಚರ್ ಅವರ ಎಡಗಣ್ಣಿಗೆ ಬಡಿದದ್ದಂತೂ ಚೆಂಡಲ್ಲ, ಹಾರಿದ ಬೇಲ್. ಬೆರಳಷ್ಟು ದಪ್ಪದ ಮರದ ತುಂಡು. ಅವರಿಬ್ಬರೂ ಸ್ಟಂಪಿನ ಹತ್ತಿರ ನಿಂತಿದ್ದದ್ದು ಸ್ಪಿನ್ನರುಗಳಿಗೆ.

“ನನಗೆ ಕನ್ನಡಕ ಉಂಟು, ಅದೂ ಫೈಬರ್. ಒಡೆಯುವುದಿಲ್ಲ.”

ನಮ್ಮ ಅಂಗಡಿಗಳಲ್ಲಿ ‘ಫೈಬರ್’ ಎಂದರೆ ಗಾಜಲ್ಲದ್ದು ಎಂಬ ಅರ್ಥ, ಅಷ್ಟೇ. ಅದರಲ್ಲಿ ನಾರೂ ಇಲ್ಲ, ಏನೂ ಇಲ್ಲ. ಹೆಚ್ಚಾಗಿ ಅದು ಸಿ.ಆರ್. 39 ಎಂಬ ಗಟ್ಟಿ ಪ್ಲಾಸ್ಟಿಕ್. ಕೆಳಗೆ ಬಿದ್ದರೆ ತಡೆಯುತ್ತದೆ. ಜೋರಾದ ಪೆಟ್ಟಿಗೆ ಚೂಪು ಚೂರುಗಳಾಗಿ ಒಡೆಯುತ್ತದೆ.

ಸಾಮಾನ್ಯ ಲೆನ್ಸಿನ ಗಟ್ಟಿತನಕ್ಕೆ ಅಮೆರಿಕದಲ್ಲಿರುವ ಹಳೆಯ ಪರೀಕ್ಷೆಯೊಂದನ್ನು ನೋಡಿ. ಸುಮಾರು 16 ಗ್ರಾಮಿನ ಉಕ್ಕಿನ ಗುಂಡನ್ನು 127 ಸೆಂಟಿಮೀಟರ್ ಎತ್ತರದಿಂದ ಲೆನ್ಸಿನ ಮೇಲೆ ಬಿಡುತ್ತಾರೆ, ಒಡೆಯದಿದ್ದರೆ ಪಾಸು. ಆ ಗುಂಡು ಹೊತ್ತು ತರುವ ಶಕ್ತಿ 0.2 ಜೂಲ್. ಐದು ಗ್ರಾಮಿನ ಕಾಕ್ ಗಂಟೆಗೆ 144 ಕಿ.ಮೀ. ವೇಗದಲ್ಲಿ ಬಂದರೆ ಅದರ ಶಕ್ತಿ 4 ಜೂಲ್, ಅಂದರೆ ಇಪ್ಪತ್ತು ಪಟ್ಟು. ವೇಗ 50 ಕಿ.ಮೀ.ಗೆ ಇಳಿದರೂ ಗುಂಡಿನ ಎರಡು ಪಟ್ಟು ಉಳಿಯುತ್ತದೆ.

ಇಂಥ ಪೆಟ್ಟನ್ನು ತಾಳುವ ಲೆನ್ಸ್ ಪಾಲಿಕಾರ್ಬೊನೇಟ್, ಅಂಗಡಿಯ ಭಾಷೆಯಲ್ಲಿ ‘ಪಿ.ಸಿ.’. ಅದು ಬಾಗುತ್ತದೆ, ಚೂರಾಗುವುದು ತೀರಾ ಅಪರೂಪ. ಆಟಕ್ಕೆ ಮಾಡಿಸುವಾಗ ಲೆನ್ಸಿನ ನಡುಭಾಗ 2 ಮಿಲಿಮೀಟರಿಗಿಂತ ತೆಳುವಾಗದಂತೆ ಹೇಳಿ ಮಾಡಿಸಬೇಕು. ಮೈನಸ್ ಪವರಿನವರಿಗೆ ನಡುಭಾಗವೇ ತೆಳು, “ತೆಳುವಾಗಿ ಚಂದ ಮಾಡಿಕೊಡಿ” ಎಂದು ಕೇಳಿಕೊಳ್ಳುವವರೂ ಅವರೇ!

ಲೆನ್ಸ್ ಒಡೆಯದಿದ್ದರೂ ಕತೆ ಮುಗಿಯಲಿಲ್ಲ. ಸಾಮಾನ್ಯ ಫ್ರೇಮಿನಲ್ಲಿ ಪೆಟ್ಟು ಬಿದ್ದ ಲೆನ್ಸ್ ಇಡಿಯಾಗಿ ಹಿಂದಕ್ಕೆ ಕಳಚಿ ಕಣ್ಣಿಗೇ ಹೋಗಬಹುದು. ಆಟದ ಫ್ರೇಮಿನಲ್ಲಿ ಒಳಬದಿಯ ಅಂಚು ಎತ್ತರವಾಗಿರುತ್ತದೆ; ಲೆನ್ಸ್ ಕಳಚಿದರೂ ಹೊರಗೆ ಬೀಳಬೇಕು ಎಂಬ ಲೆಕ್ಕ. ಎಎಸ್‌ಟಿಎಂ ಎಫ್ 803 ಎಂಬ ಮಾನದಂಡವಾಗಲಿ, ರ್‍ಯಾಕೆಟ್ ಆಟಗಳಿಗೆಂದೇ ಬಂದ ಎಫ್ 3164 ಆಗಲಿ ಕೇಳುವ ಪ್ರಶ್ನೆ “ಒಡೆಯಿತೇ?” ಎಂಬುದಷ್ಟೇ ಅಲ್ಲ, “ಪೆಟ್ಟಿಗೆ ಒಳಸರಿದು ಕಣ್ಣನ್ನು ಮುಟ್ಟಿತೇ?” ಎಂಬುದೂ ಹೌದು. ಕೊಳ್ಳುವಾಗ ಆ ಸಂಖ್ಯೆ ಡಬ್ಬಿಯ ಮೇಲೋ ಫ್ರೇಮಿನ ಮೇಲೋ ಇದೆಯೇ ಎಂದು ಹುಡುಕಿ. ‘ಸ್ಪೋರ್ಟ್ಸ್’ ಎಂಬ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

“ಬಾಗಿದ ಫ್ರೇಮಿಗೆ ನಮ್ಮ ಪವರನ್ನೇ ಕೂರಿಸಿದರಾಯಿತು.”

ಅತಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ಕಿವಿಯ ಕಡೆಗೆ ಸುತ್ತಿಕೊಂಡು ಹೋಗುವ ಫ್ರೇಮ್ ಚಂದ, ಪಕ್ಕದಿಂದ ಬರುವ ಗಾಳಿ, ಹುಳುಗಳನ್ನೂ ತಡೆಯುತ್ತದೆ. ಆದರೆ ಕಣ್ಣಿನ ಪರೀಕ್ಷೆ ಮಾಡುವಾಗ ಲೆನ್ಸ್ ಕಣ್ಣಿಗೆ ನೇರ ಎದುರಾಗಿ ನಿಂತಿತ್ತು. ಬಾಗಿದ ಫ್ರೇಮಿನಲ್ಲಿ ಅದು ಅರೆ ತೆರೆದ ಬಾಗಿಲಿನ ಹಾಗೆ ಓರೆಯಾಗಿ ನಿಲ್ಲುತ್ತದೆ. ಓರೆಯಾದ ಲೆನ್ಸಿನ ಪವರ್ ಬದಲಾಗುತ್ತದೆ, ಇಲ್ಲದ ಸಿಲಿಂಡರೂ ಹುಟ್ಟಿಕೊಳ್ಳುತ್ತದೆ.

ಒಂದು ಲೆಕ್ಕ ಮಾಡೋಣ. ಚೀಟಿಯಲ್ಲಿ ಎರಡೂ ಕಣ್ಣಿಗೆ ಮೈನಸ್ 4, ಸಿಲಿಂಡರ್ ಇಲ್ಲ. ಪಿ.ಸಿ. ಲೆನ್ಸ್, ಫ್ರೇಮಿನ ಓರೆ 20 ಡಿಗ್ರಿ. ಅದೇ ಮೈನಸ್ 4ನ್ನು ಕೂರಿಸಿದರೆ ಕಣ್ಣಿಗೆ ಸಿಗುವುದು ಸುಮಾರು ಮೈನಸ್ 4.15, ಜೊತೆಗೆ 90ರ ಆಕ್ಸಿಸಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಲಿಂಡರ್. ಹಾಕಿಕೊಂಡವರಿಗೆ ನೆಲ ಓರೆಯಾದಂತೆ, ಕಾಕ್ ಒಂದು ಗೇಣು ಆಚೆಗೆ ಕಂಡಂತೆ ಅನಿಸುತ್ತದೆ. ಅರ್ಧ ಗಂಟೆಗೆ ಹಣೆ ನೋಯುತ್ತದೆ. “ಅಭ್ಯಾಸವಾಗ್ತದೆ” ಎಂಬ ಸಮಾಧಾನ ಅಂಗಡಿಯಲ್ಲಿ ಸಿಗುತ್ತದೆ.

ಸರಿಯಾದ ಲ್ಯಾಬ್ ಈ ಬದಲಾವಣೆಯನ್ನು ಮೊದಲೇ ಕಳೆದು ಲೆನ್ಸ್ ಉಜ್ಜುತ್ತದೆ. ಮೇಲಿನ ಉದಾಹರಣೆಗೆ ಉಜ್ಜಬೇಕಾದದ್ದು ಸುಮಾರು ಮೈನಸ್ 3.41, 180ರ ಆಕ್ಸಿಸಿನಲ್ಲಿ ಮೈನಸ್ 0.45 ಸಿಲಿಂಡರ್. ಓರೆಯಾಗಿ ಕೂತಾಗ ಅದು ಕಣ್ಣಿಗೆ ಸರಿಯಾದ ಮೈನಸ್ 4 ಆಗುತ್ತದೆ. ತಮಾಷೆಯೆಂದರೆ, ಇಂಥ ಲೆನ್ಸನ್ನು ಬೇರೆ ಅಂಗಡಿಯ ಯಂತ್ರದಲ್ಲಿ ಇಟ್ಟರೆ ಚೀಟಿಗೆ ತಾಳೆಯಾಗದ ಸಂಖ್ಯೆ ಬರುತ್ತದೆ, “ನಿಮಗೆ ಮೋಸ ಮಾಡಿದ್ದಾರೆ” ಎಂಬ ಮಾತು ಹುಟ್ಟುತ್ತದೆ. ಬಾಗಿದ ಫ್ರೇಮಿನಲ್ಲಿ ಯಂತ್ರ ಚೀಟಿಯ ಸಂಖ್ಯೆಯನ್ನೇ ತೋರಿಸಿದರೆ ಆಗ ಅನುಮಾನ ಪಡಿ. ಲ್ಯಾಬಿನಿಂದ ಬರುವ ಲಕೋಟೆಯ ಮೇಲೆ ಚೀಟಿಯ ಪವರ್, ಉಜ್ಜಿದ ಪವರ್ ಎರಡೂ ಇರಬೇಕು. ಅಳತೆ ತೆಗೆದುಕೊಳ್ಳುವಾಗ ಫ್ರೇಮಿನ ಓರೆಯನ್ನು ಯಾರೂ ಅಳೆಯದಿದ್ದರೆ ಅಲ್ಲಿಯೇ ಎದ್ದು ಬರಬಹುದು.

ಓರೆ 10 ಡಿಗ್ರಿಯಾದರೆ ಅದೇ ಮೈನಸ್ 4ಕ್ಕೆ ಹುಟ್ಟುವ ಸಿಲಿಂಡರ್ ಎಂಟನೇ ಒಂದರಷ್ಟು ಮಾತ್ರ, ಹೆಚ್ಚಿನವರಿಗೆ ಗೊತ್ತೇ ಆಗದು. ಅದಕ್ಕೇ ಪವರ್ ಇರುವ ಶಟ್ಲ್ ಆಟಗಾರರಿಗೆ ನಾನು ಹೇಳುವುದು ಹಿಂದಿನಿಂದ ಪಟ್ಟಿ ಇರುವ, ಹೆಚ್ಚು ಬಾಗದ ಆಟದ ಗಾಗಲ್ಸ್. ನೋಡಲು ಶಾಲಾ ಲ್ಯಾಬಿನ ಕನ್ನಡಕದಂತೆ ಕಾಣುತ್ತದೆ, ಹೌದು.

“ಒಳಗೆ ಪವರಿನ ಇನ್ಸರ್ಟ್ ಸಿಕ್ಕಿಸಿದರೆ ಎಲ್ಲ ಸರಿ.”

ಹೊರಗೆ ಬಾಗಿದ ಕವಚ, ಅದರ ಹಿಂದೆ ಮೂಗಿನ ಬಳಿ ಸಿಕ್ಕಿಸುವ ಪುಟ್ಟ ಪವರಿನ ಚೌಕಟ್ಟು: ಇದು ಇನ್ಸರ್ಟ್. ಸೈಕಲಿನವರಿಗೆ ಒಳ್ಳೆಯದೇ, ಪವರ್ ಬದಲಾದರೆ ಒಳಗಿನದ್ದನ್ನಷ್ಟೇ ಬದಲಿಸಬಹುದು, ಸಂಜೆಗೆ ಹೊರಗಿನ ಕಪ್ಪು ಕವಚ ತೆಗೆದು ಬಿಳಿಯದನ್ನು ಹಾಕಬಹುದು.

ಶಟ್ಲ್ ಹಾಲಿನಲ್ಲಿ ಮಾತ್ರ ಅದು ಸೋಲುತ್ತದೆ. ಕಾಕ್ ಓಲಾಡಬಾರದೆಂದು ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ಜುಲೈ ತಿಂಗಳ ಬೆಳ್ತಂಗಡಿಯಲ್ಲಿ ಆಡಿ ನೋಡಿ. ಎರಡು ಲೆನ್ಸಿನ ನಾಲ್ಕು ಮೈಗಳ ಮೇಲೂ ಮಂಜು ಕೂರುತ್ತದೆ, ನಡುವಿನ ಎರಡನ್ನು ಆಟದ ಮಧ್ಯೆ ಒರೆಸಲು ಬೆರಳು ಹೋಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ, ಕಣ್ಣಿಗೆ ಅತಿ ಹತ್ತಿರ ಇರುವುದು ಇನ್ಸರ್ಟೇ. ಹೊರ ಕವಚ ಪಿ.ಸಿ. ಆಗಿದ್ದು ಒಳಗಿನದು ತಂತಿಯ ಚೌಕಟ್ಟಿನ ‘ಫೈಬರ್’ ಆದರೆ, ಕವಚ ಬಾಗಿದಾಗ ಅದೇ ಕಣ್ಣಿಗೆ ಒತ್ತುತ್ತದೆ. ಇನ್ಸರ್ಟಿಗೂ ಪಿ.ಸಿ.ಯೇ ಬೇಕು.

ಪಿ.ಸಿ.ಗೂ ಶತ್ರುಗಳಿವೆ. ಬೇಗ ಗೀಚುತ್ತದೆ. ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ತಾಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ, ಆಮೇಲೆ ಅದರ ಗಟ್ಟಿತನವನ್ನು ನಂಬುವಂತಿಲ್ಲ. ಸೊಳ್ಳೆ ಮುಲಾಮಿನ ಕೈಯಲ್ಲೂ ಮುಟ್ಟಬೇಡಿ. ನೀರು, ಒಂದು ಹನಿ ಸೋಪು, ಮೆದು ಬಟ್ಟೆ ಸಾಕು. ಲೆನ್ಸನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಜೇಡರ ಬಲೆಯಂಥ ಗೆರೆ ಕಂಡರೆ ಬದಲಿಸಿ.

“ಕೂಲಿಂಗ್ ಗ್ಲಾಸ್ ಕಪ್ಪಾದಷ್ಟೂ ರಕ್ಷಣೆ ಜಾಸ್ತಿ.”

ಕಪ್ಪು ಬಣ್ಣಕ್ಕೂ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ಬಣ್ಣವೇ ಇಲ್ಲದ ಪಿ.ಸಿ. ಕೂಡ ಆ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಬಿಸಿಲಿಗೆಂದು ಮಾರುವ ‘ಕ್ಯಾಟಗರಿ 3’ರ ಕಪ್ಪು ಲೆನ್ಸ್ ಒಳಗೆ ಬಿಡುವ ಬೆಳಕು ನೂರರಲ್ಲಿ 8ರಿಂದ 18 ಪಾಲು. ಉಜಿರೆ ದಾಟಿ ಚಾರ್ಮಾಡಿಯ ಮರಗಳ ನೆರಳಿಗೆ ಸೈಕಲ್ ನುಗ್ಗಿದಾಗ ಅಷ್ಟರಲ್ಲಿ ಗುಂಡಿ ಕಾಣುವುದಿಲ್ಲ. ಪೋಲರೈಸ್ಡ್ ಆಗಿದ್ದರೆ ಒದ್ದೆ ರಸ್ತೆಯ ಹೊಳಪನ್ನೂ ಅಳಿಸಿಬಿಡುತ್ತದೆ. ತಿರುವಿನಲ್ಲಿ ನೀರು ನಿಂತಿದೆ ಎಂದು ಹೇಳುವುದು ಆ ಹೊಳಪೇ.

“ಪೆಟ್ಟು ಬಿತ್ತು, ಆದರೆ ಕಾಣ್ತದಲ್ಲ. ನಾಳೆ ನೋಡುವ.”

ಪೆಟ್ಟಿಗೆ ಕಣ್ಣಿನ ಒಳಗೆ, ಕರಿಗುಡ್ಡೆಯ ಮುಂದೆ ರಕ್ತ ಸೋರಬಹುದು. ಸ್ವಲ್ಪ ಹೊತ್ತು ನೇರ ಕೂತರೆ ಅದು ಕೆಳಗೆ ಇಳಿದು ಕೆಂಪು ಗೆರೆಯಾಗಿ ನಿಲ್ಲುತ್ತದೆ. ಮೊಬೈಲಿನ ಟಾರ್ಚಿನಲ್ಲಿ ಜೊತೆಯವರಿಗೆ ಕಾಣಲೂಬಹುದು, ಕಡಿಮೆಯಿದ್ದರೆ ಕಾಣದಿರಲೂಬಹುದು. ಅಕ್ಷಿಪಟ ಹರಿದಿದ್ದರೆ ಮಿಂಚು, ಹಾರುವ ಕಪ್ಪು ಚುಕ್ಕೆ, ಬದಿಯಿಂದ ಪರದೆ ಎಳೆದಂತಾಗುವುದು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ದಿನಗಳು ಕಳೆದ ಮೇಲೆ. ಕಣ್ಣು ಉಜ್ಜಬೇಡಿ, ಒತ್ತಿ ಕಟ್ಟಬೇಡಿ, ನೋವಿಗೆಂದು ಆಸ್ಪಿರಿನ್ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ತಲೆ ಎತ್ತರಕ್ಕಿಟ್ಟು ಅದೇ ರಾತ್ರಿ ಕಣ್ಣಿನ ವೈದ್ಯರಿರುವ ಆಸ್ಪತ್ರೆಗೆ ಹೊರಡಿ, ಮಂಗಳೂರಿನವರೆಗೆ ಹೋಗಬೇಕಾದರೂ ಸರಿ. ಕಣ್ಣಿನ ಒತ್ತಡವನ್ನು ಅಳೆಸಿ. ಗಾಯ ಮಾಗಿದ ವರ್ಷಗಳ ಮೇಲೆ ಅದೇ ಕಣ್ಣಿನಲ್ಲಿ ಒತ್ತಡ ಏರಿ ಗ್ಲಾಕೋಮ ಬರುವುದುಂಟು. ಆದ್ದರಿಂದ ವರ್ಷಕ್ಕೊಮ್ಮೆ ಪರೀಕ್ಷೆಗೆ ಹೋದಾಗ “ಇಂಥ ವರ್ಷ ಈ ಕಣ್ಣಿಗೆ ಕಾಕ್ ಬಡಿದಿತ್ತು” ಎಂದು ವೈದ್ಯರಿಗೆ ಹೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.