ಮೊತ್ತ ತಾಳೆಯಾದರೆ ಸಾಲದು: ನಗದು ಹರಿವಿನ ತಖ್ತೆಯನ್ನು ಪರಿಶೋಧಿಸುವ ಬಗೆ

ವಾರ್ಷಿಕ ವರದಿಯ ಕೊನೆಯಲ್ಲಿ ಅಚ್ಚಾಗುವ ಲೆಕ್ಕಪತ್ರಗಳಲ್ಲಿ ಸ್ವೀಕೃತಿ-ಪಾವತಿ ಲೆಕ್ಕ ನಮ್ಮ ಓದುಗರಿಗೆ ಪರಿಚಿತ. ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದಷ್ಟೇ ಅದರಲ್ಲಿರುತ್ತದೆ. ನಗದು ಹರಿವಿನ ತಖ್ತೆ ಅದೇ ಹಣವನ್ನು ಮೂರು ಕೋಣೆಗಳಲ್ಲಿ ವಿಂಗಡಿಸಿ ತೋರಿಸುತ್ತದೆ. ಮೊದಲನೆಯದು ಸಂಸ್ಥೆಯ ದಿನನಿತ್ಯದ ಕಾರ್ಯಚಟುವಟಿಕೆ, ಎರಡನೆಯದು ಹೂಡಿಕೆ ಮತ್ತು ಸ್ಥಿರಾಸ್ತಿ, ಮೂರನೆಯದು ಬಂಡವಾಳ, ಸಾಲದಂಥ ಹಣಕಾಸಿನ ಮೂಲಗಳು. ಭಾರತದಲ್ಲಿ ಎಎಸ್ 3 ಎಂಬ ಲೆಕ್ಕ ಮಾನದಂಡ ಹೇಳುವುದು ಈ ವಿಂಗಡಣೆಯನ್ನೇ.

ಮೂರೂ ಕೋಣೆಗಳನ್ನು ಕೂಡಿದರೆ ವರ್ಷದಲ್ಲಿ ನಗದು ಎಷ್ಟು ಹೆಚ್ಚಿತು ಅಥವಾ ಕಡಿಮೆಯಾಯಿತು ಎಂಬುದು ಬರಬೇಕು. ಅದು ಬಂದುಬಿಟ್ಟರೆ ತಖ್ತೆ ಸರಿಯಿದೆ ಎಂದು ಹಲವರು ನಂಬುತ್ತಾರೆ. ಗಣಿತ ಕಲಿಸಿದ ನಮಗೆ ಇದು ಹಳೆಯ ಪರಿಚಯ: ಉತ್ತರ ಸರಿ, ಕ್ರಮ ತಪ್ಪು. ಒಂದು ಕೋಣೆಯಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಅಷ್ಟೇ ಕಡಿಮೆಯಾದರೆ ಮೊತ್ತ ಕದಲುವುದೇ ಇಲ್ಲ. ಒಂದು ಉದಾಹರಣೆಯನ್ನು ಕೊನೆಯವರೆಗೂ ಮಾಡಿ ನೋಡೋಣ.

ಒಂದು ವಿದ್ಯಾರ್ಥಿನಿಲಯ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ ಮಳಿಗೆಗಳ ಬಾಡಿಗೆ ಬರುತ್ತದೆ, ದೇಣಿಗೆ ಬರುತ್ತದೆ, ವಿದ್ಯಾರ್ಥಿವೇತನ ಕೊಡುತ್ತದೆ. ಎರಡು ವರ್ಷಾಂತ್ಯಗಳ ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟ್, ಹೀಗಿದೆ.

| ವಿವರ (ಲಕ್ಷ ರೂ.ಗಳಲ್ಲಿ) | ಹಿಂದಿನ ವರ್ಷ | ಈ ವರ್ಷ |
|---|---|---|
| ನಗದು ಮತ್ತು ಉಳಿತಾಯ ಖಾತೆ | 6.00 | 9.00 |
| ನಿಶ್ಚಿತ ಠೇವಣಿ | 20.00 | 25.00 |
| ಬರಬೇಕಾದ ಬಾಡಿಗೆ | 1.20 | 2.00 |
| ಕಟ್ಟಡ, ಪೀಠೋಪಕರಣ ಇತ್ಯಾದಿ | 30.00 | 34.00 |
| ಆಸ್ತಿ ಒಟ್ಟು | 57.20 | 70.00 |
| ಮೂಲನಿಧಿ | 40.00 | 48.00 |
| ಸಾಮಾನ್ಯ ನಿಧಿ | 16.20 | 19.00 |
| ಕೊಡಬೇಕಾದ ಬಾಕಿ | 1.00 | 3.00 |
| ನಿಧಿ ಮತ್ತು ಹೊಣೆ ಒಟ್ಟು | 57.20 | 70.00 |

ಉಳಿತಾಯ ಖಾತೆ 6 ಲಕ್ಷದಿಂದ 9 ಲಕ್ಷಕ್ಕೆ ಏರಿದೆ. ಲೆಕ್ಕ ಬರೆದವರು ಒಪ್ಪಿಸಿದ ತಖ್ತೆಯೂ ಅದನ್ನೇ ಹೇಳುತ್ತದೆ: ಕಾರ್ಯಚಟುವಟಿಕೆಯಿಂದ 13.50 ಲಕ್ಷ ಬಂದಿದೆ, ಹೂಡಿಕೆ ಮತ್ತು ಆಸ್ತಿಗೆ 10.50 ಲಕ್ಷ ಹೋಗಿದೆ, ಹಣಕಾಸು ಕೋಣೆ ಖಾಲಿ, ಉಳಿದದ್ದು 3 ಲಕ್ಷ. ಮೊತ್ತ ಸರಿಯಾಗಿ ತಾಳೆಯಾಗುತ್ತದೆ. ಇದನ್ನು ಓದಿದ ಸಮಿತಿಯವರಿಗೆ, ನಿತ್ಯದ ಕೆಲಸದಿಂದಲೇ ವರ್ಷಕ್ಕೆ 13.50 ಲಕ್ಷ ಮಿಗುತ್ತಿದೆ, ಮುಂದಿನ ವರ್ಷ ಇನ್ನಷ್ಟು ಮಕ್ಕಳಿಗೆ ವಿದ್ಯಾರ್ಥಿವೇತನ ಘೋಷಿಸಬಹುದು ಎನ್ನಿಸುವುದು ಸಹಜ. ಲೆಕ್ಕಪರಿಶೋಧಕರು ತಡೆಯಬೇಕಾದದ್ದು ಈ ಹಂತದಲ್ಲಿ.

ಅವರು ಮೊದಲು ತಖ್ತೆಯನ್ನು ಬದಿಗಿಟ್ಟು ಅಢಾವೆ ಪತ್ರಿಕೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಪ್ರತಿ ಸಾಲಿನ ಎರಡು ವರ್ಷಗಳ ವ್ಯತ್ಯಾಸವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆ ವ್ಯತ್ಯಾಸ ಏಕೆ ಆಯಿತು ಎಂಬುದನ್ನು ಬಿಡಿಸುತ್ತಾ ಹೋಗುತ್ತಾರೆ. ಬಿಡಿಸಿದ ತುಂಡುಗಳೆಲ್ಲ ತಖ್ತೆಯಲ್ಲಿ ಎಲ್ಲಿ ಬಂದಿವೆ ಎಂದು ಗುರುತು ಹಾಕುತ್ತಾರೆ. ಯಾವ ಸಾಲಿನ ವ್ಯತ್ಯಾಸವೂ ಪೂರ್ತಿ ವಿವರಣೆಯಾಗದೆ ಉಳಿಯಬಾರದು. "ಇತರೆ" ಎಂಬ ಹೆಸರಿನಲ್ಲಿ ಒಂದು ಬೆಸ ಮೊತ್ತ ಕುಳಿತಿದ್ದರೆ ಅದು ಸಾಮಾನ್ಯವಾಗಿ ತಾಳೆ ಮಾಡಲೆಂದೇ ತುರುಕಿದ ಅಂಕಿ; ಅದಕ್ಕೆ ವೋಚರ್ ಕೇಳಿದರೆ ಸಿಗುವುದಿಲ್ಲ.

ಸ್ಥಿರಾಸ್ತಿಯ ಸಾಲನ್ನು ನೋಡಿ. 30 ಲಕ್ಷ 34 ಲಕ್ಷವಾಗಿದೆ, ಆದರೆ ಖರೀದಿ 4 ಲಕ್ಷವಲ್ಲ. ಆಸ್ತಿ ದಾಖಲೆ ಪುಸ್ತಕದ ಪ್ರಕಾರ 7.50 ಲಕ್ಷದ ಮಂಚ, ಮೇಜು, ಬೀರುಗಳನ್ನು ಮಾಡಿಸಲಾಗಿದೆ. ಪುಸ್ತಕಬೆಲೆ 50 ಸಾವಿರವಿದ್ದ ಹಳೆಯ ಜನರೇಟರ್ ಮಾರಲಾಗಿದೆ. ಸವಕಳಿ 3 ಲಕ್ಷ. ಮೂವತ್ತಕ್ಕೆ ಏಳೂವರೆ ಕೂಡಿ, ಅರ್ಧ ಕಳೆದು, ಮೂರು ಕಳೆದರೆ ಮೂವತ್ನಾಲ್ಕು. ಸಾಲು ಬಿಡಿಸಿತು. ಇನ್ನು ಪ್ರತಿ ತುಂಡಿನಲ್ಲೂ ನಿಜವಾಗಿ ಎಷ್ಟು ಹಣ ಕೈ ಬದಲಾಯಿಸಿತು ಎಂದು ಕೇಳಬೇಕು.

ಸವಕಳಿಯಲ್ಲಿ ಹಣ ಹೋಗುವುದಿಲ್ಲ. ಆದಾಯ-ವೆಚ್ಚದ ಲೆಕ್ಕದಲ್ಲಿ ಖರ್ಚೆಂದು ಕಳೆದದ್ದನ್ನು ಇಲ್ಲಿ ಮರಳಿ ಕೂಡಿದರೆ ಸಾಕು. ಜನರೇಟರಿನ ಕತೆ ಬೇರೆ. ತಖ್ತೆಯಲ್ಲಿ ಅದರ ಮಾರಾಟ 50 ಸಾವಿರ ಎಂದಿದೆ, ಪಾಸ್‌ಬುಕ್ಕಿನಲ್ಲಿ ಜಮೆಯಾದದ್ದು 70 ಸಾವಿರ. ಮಿಕ್ಕ 20 ಸಾವಿರ ಲಾಭವೆಂದು ವರ್ಷದ ಮಿಗತೆಯೊಳಗೆ ಸೇರಿಕೊಂಡು ಕಾರ್ಯಚಟುವಟಿಕೆಯ ಕೋಣೆಯಲ್ಲೇ ಉಳಿದಿದೆ. ಮಿಗತೆಯಿಂದ ಆ ಲಾಭವನ್ನು ಕಳೆದು, ಪೂರ್ತಿ 70 ಸಾವಿರವನ್ನು ಹೂಡಿಕೆ ಮತ್ತು ಆಸ್ತಿಯ ಕೋಣೆಯಲ್ಲಿ ತೋರಿಸಬೇಕು. ಹಳೆಯ ಜನರೇಟರನ್ನು ಪ್ರತಿ ವರ್ಷ ಮಾರಲು ಆಗುವುದಿಲ್ಲವಲ್ಲ.

ಪೀಠೋಪಕರಣದ 7.50 ಲಕ್ಷದ ಬಿಲ್ಲು ಮಾರ್ಚ್ ತಿಂಗಳಿನದು. ಆದರೆ ಬ್ಯಾಂಕ್ ಪಟ್ಟಿಯಲ್ಲಿ ಮಾರ್ಚ್ 31ರೊಳಗೆ ಹೋದದ್ದು 6 ಲಕ್ಷ ಮಾತ್ರ. ಬಡಗಿಗೆ ಉಳಿದ 1.50 ಲಕ್ಷ ಕೊಟ್ಟದ್ದು ಏಪ್ರಿಲಿನಲ್ಲಿ. ಹಾಗಾಗಿ ವರ್ಷಾಂತ್ಯಕ್ಕೆ ಅದು "ಕೊಡಬೇಕಾದ ಬಾಕಿ"ಯಲ್ಲಿ ಕುಳಿತಿದೆ. ಬಾಕಿ 1 ಲಕ್ಷದಿಂದ 3 ಲಕ್ಷಕ್ಕೆ ಏರಿತೆಂದು ಇಡೀ 2 ಲಕ್ಷವನ್ನು ಕಾರ್ಯಚಟುವಟಿಕೆಗೆ ಕೂಡಿ, ಅತ್ತ ಆಸ್ತಿ ಖರೀದಿಗೆ ಪೂರ್ತಿ 7.50 ಲಕ್ಷ ಹೋಯಿತೆಂದು ಬರೆದಿದ್ದಾರೆ. ಎರಡೂ ಕಡೆ ಒಂದೂವರೆ ಲಕ್ಷ ಹೆಚ್ಚು, ಆದ್ದರಿಂದ ಮೊತ್ತ ಅಲುಗಾಡಲಿಲ್ಲ. ಇಂಥ ತಪ್ಪು ತಖ್ತೆಯನ್ನು ಎಷ್ಟು ಹೊತ್ತು ನೋಡಿದರೂ ಕಾಣುವುದಿಲ್ಲ. ಬಾಕಿದಾರರ ಪಟ್ಟಿಯನ್ನು ತರಿಸಿ ಒಂದೊಂದು ಹೆಸರಿನ ಮುಂದೆಯೂ ಇದು ಯಾವುದರ ಬಾಕಿ ಎಂದು ಕೇಳಬೇಕು. ಕಾಲೇಜು ಶುಲ್ಕದ ಬಾಕಿ ಕಾರ್ಯಚಟುವಟಿಕೆಗೆ ಸೇರುತ್ತದೆ, ಬಡಗಿಯ ಬಾಕಿ ಸೇರುವುದಿಲ್ಲ. ಏಪ್ರಿಲ್ ತಿಂಗಳ ಪಾವತಿಗಳನ್ನು ತಿರುವಿಹಾಕುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ದೊಡ್ಡ ತಪ್ಪು ಮೂಲನಿಧಿಯದು. ಅದು 8 ಲಕ್ಷ ಹೆಚ್ಚಿದೆ. ಈ ಹಣವೂ ಸಾಮಾನ್ಯ ದೇಣಿಗೆಯಂತೆ ಅದೇ ಕಚೇರಿಗೆ ಬಂದು ಅದೇ ಖಾತೆಗೆ ಜಮೆಯಾದ್ದರಿಂದ ಲೆಕ್ಕ ಬರೆದವರು "ದೇಣಿಗೆ" ಎಂದು ಕಾರ್ಯಚಟುವಟಿಕೆಯಲ್ಲಿ ಹಾಕಿಬಿಟ್ಟಿದ್ದಾರೆ. ಆದರೆ ಮೂಲನಿಧಿಗೆಂದು ಕೊಟ್ಟವರು, ಅಸಲನ್ನು ಖರ್ಚು ಮಾಡದೆ ಉಳಿಸಿ ಅದರ ಉತ್ಪನ್ನವನ್ನಷ್ಟೇ ಬಳಸಿ ಎಂಬ ಉದ್ದೇಶದಿಂದ ಕೊಟ್ಟಿರುತ್ತಾರೆ. ಕಂಪನಿಗೆ ಷೇರು ಬಂಡವಾಳ ಹೇಗೋ ಸಂಸ್ಥೆಗೆ ಮೂಲನಿಧಿ ಹಾಗೆ. ಅದನ್ನು ಹಣಕಾಸು ಕೋಣೆಯಲ್ಲಿ ತೋರಿಸುವುದು ಸರಿಯಾದ ಕ್ರಮ. ಪರಿಶೋಧಕರು ರಸೀದಿಗಳ ಜೊತೆ ದಾನಿಗಳ ಲಿಖಿತ ಸೂಚನೆಯನ್ನೂ ಕೇಳುತ್ತಾರೆ. ಮೂಲನಿಧಿಗೆ ಕೊಡುವಾಗ ಒಂದು ಸಾಲಿನ ಪತ್ರವನ್ನಾದರೂ ಜೊತೆಗಿಡಿ ಎಂದು ದಾನಿಗಳನ್ನು ಸಂಸ್ಥೆಗಳು ಕೋರುವ ಕಾರಣ ಇದೇ.

ಉಳಿದ ಅಂಕಿಗಳು ಸರಿಯಾಗಿಯೇ ಇದ್ದವು. ವರ್ಷದ ಮಿಗತೆ 2.80 ಲಕ್ಷ, ಅದರೊಳಗಿದ್ದ ಠೇವಣಿಯ ಬಡ್ಡಿ 1.50 ಲಕ್ಷವನ್ನು ತೆಗೆದು ಹೂಡಿಕೆಯ ಕೋಣೆಗೆ ಹಾಕಿದ್ದಾರೆ. ಬಡ್ಡಿಯನ್ನು ಸ್ವಂತ ಕೆಲಸಕ್ಕೆ ಬಳಸದೆ ಬೇರೆ ಖಾತೆಯಲ್ಲಿಡುವ ಸಂಸ್ಥೆಗಳೂ ಇವೆ. ಆ ಹಣ ಎಲ್ಲಿಂದ ಬಂತು ಎಂಬ ವರ್ಗೀಕರಣ ಅದರಿಂದ ಬದಲಾಗುವುದಿಲ್ಲ. ಬಾಡಿಗೆ ಆದಾಯವೆಂದು ಎಣಿಸಿದ್ದರಲ್ಲಿ ಇನ್ನೂ ಕೈಗೆ ಬಾರದ 80 ಸಾವಿರವನ್ನೂ ಕಳೆದಿದ್ದಾರೆ. ತಿದ್ದಿದ ಮೇಲೆ ತಖ್ತೆ ಹೀಗಾಗುತ್ತದೆ.

| ಲಕ್ಷ ರೂ.ಗಳಲ್ಲಿ | ಮೊದಲು | ತಿದ್ದಿದ ಮೇಲೆ |
|---|---|---|
| ಕಾರ್ಯಚಟುವಟಿಕೆ | 13.50 | 3.80 |
| ಹೂಡಿಕೆ ಮತ್ತು ಆಸ್ತಿ | −10.50 | −8.80 |
| ಹಣಕಾಸು | 0 | 8.00 |
| ನಗದಿನ ಹೆಚ್ಚಳ | 3.00 | 3.00 |

ಕೆಳಗಿನ ಸಾಲು ಎರಡರಲ್ಲೂ ಒಂದೇ, ಮೇಲಿನದು ಅಜಗಜಾಂತರ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ನಿತ್ಯದ ಕೆಲಸದಿಂದ ಬಂದ 3.80, ಜನರೇಟರಿನ 0.70, ಬಡ್ಡಿಯ 1.50, ಒಟ್ಟು 6 ಲಕ್ಷ. ಪೀಠೋಪಕರಣಕ್ಕೆ ಕೊಟ್ಟದ್ದೂ 6 ಲಕ್ಷ. ಅಲ್ಲಿಗೆ ಅದು ಮುಗಿಯಿತು. ಮೂಲನಿಧಿಗೆ ಬಂದ 8 ಲಕ್ಷದಲ್ಲಿ 5 ಲಕ್ಷ ನಿಶ್ಚಿತ ಠೇವಣಿಗೆ ಹೋಗಿದೆ. ಉಳಿತಾಯ ಖಾತೆಯಲ್ಲಿ ಹೆಚ್ಚಾಗಿ ಕಾಣುವ 3 ಲಕ್ಷ ಇನ್ನೂ ಹೂಡಿಕೆಯಾಗದೆ ಉಳಿದ ಮೂಲನಿಧಿಯ ಹಣ. ಹೊಸ ವಿದ್ಯಾರ್ಥಿವೇತನಕ್ಕೆ ಅದನ್ನು ನೆಚ್ಚಿ ಮಾತು ಕೊಟ್ಟರೆ ದಾನಿಯ ಷರತ್ತು ಮುರಿದಂತೆ. ಏಪ್ರಿಲಿನಲ್ಲಿ ಬಡಗಿಗೆ ಕೊಡಬೇಕಾದ ಒಂದೂವರೆ ಲಕ್ಷ ಬೇರೆ ಕಾದಿರುತ್ತದೆ.

ಇಷ್ಟೆಲ್ಲ ತಾಳೆ ಮಾಡುವುದು ಕೊನೆಯ 9 ಲಕ್ಷಕ್ಕೆ. ಆ 9 ಲಕ್ಷ ನಿಜವೇ, ಮತ್ತು ಅದು "ನಗದು" ಎನ್ನಿಸಿಕೊಳ್ಳಲು ಯೋಗ್ಯವೇ ಎಂಬ ಎರಡು ಪ್ರಶ್ನೆಗಳು ಉಳಿಯುತ್ತವೆ. ಎರಡನೆಯದು ಸುಲಭ. ನಗದಿಗೆ ಸಮಾನವೆಂದು ಎಣಿಸಲು ಹೂಡಿಕೆ ಸಾಮಾನ್ಯವಾಗಿ ಕೊಂಡ ದಿನದಿಂದ 3 ತಿಂಗಳೊಳಗೆ ಪಕ್ವವಾಗುವಂತಿರಬೇಕು ಎನ್ನುತ್ತದೆ ಮಾನದಂಡ. ಒಂದು ವರ್ಷದ ಠೇವಣಿಯನ್ನು ಬೇಕಾದಾಗ ಮುರಿಸಬಹುದಲ್ಲ ಎಂಬ ವಾದ ಇಲ್ಲಿ ನಡೆಯದು. ವರ್ಷದ ಠೇವಣಿಗೆ ಮಾರ್ಚ್ 31ಕ್ಕೆ ಎರಡೇ ತಿಂಗಳು ಬಾಕಿಯಿದ್ದರೂ ಅಷ್ಟೇ. ಎಣಿಸುವುದು ಇಟ್ಟ ದಿನದಿಂದ. ಪರಿಶೋಧಕರು ಠೇವಣಿ ರಸೀದಿಯಲ್ಲಿ ಎರಡೂ ದಿನಾಂಕಗಳನ್ನು ನೋಡುವುದು ಇದಕ್ಕೆ.

ಮೊದಲನೆಯದು ನಿಜಕ್ಕೂ ಗಂಭೀರ. ಪ್ರತಿ ಸಾಲೂ ಅಚ್ಚುಕಟ್ಟಾಗಿ ತಾಳೆಯಾಗಿ, ನಗದೇ ಸುಳ್ಳಾಗಿರಬಹುದು. ಸತ್ಯಂ ಕಂಪ್ಯೂಟರ್ಸ್ ಪ್ರಕರಣ ನೆನಪಿರಬೇಕು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, 2008ರ ಸೆಪ್ಟೆಂಬರ್ 30ರ ಲೆಕ್ಕದಲ್ಲಿದ್ದ 5,361 ಕೋಟಿ ರೂ. ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಬ್ಯಾಂಕುಗಳಿಂದ ಬರಬೇಕಾದ ದೃಢೀಕರಣ ಪತ್ರಗಳ ಕೆಲಸವನ್ನು ಪರಿಶೋಧಕರು ತಮ್ಮ ಹಿಡಿತದಲ್ಲಿ ಇಟ್ಟುಕೊಂಡಿರಲಿಲ್ಲ ಎಂದು ಅಮೆರಿಕದ ನಿಯಂತ್ರಕರು 2011ರಲ್ಲಿ ಕ್ರಮ ಕೈಗೊಂಡರು. ಆದುದರಿಂದ ಶಿಲ್ಕನ್ನು ದೃಢೀಕರಿಸಿಕೊಳ್ಳುವ ಪತ್ರವನ್ನು ಪರಿಶೋಧಕರೇ ಬ್ಯಾಂಕಿಗೆ ಕಳುಹಿಸಬೇಕು, ಉತ್ತರ ಅವರ ಕೈಗೇ ನೇರವಾಗಿ ಬರಬೇಕು. ಸಂಸ್ಥೆಯ ಗುಮಾಸ್ತರು "ಬ್ಯಾಂಕಿಗೆ ಹೋಗಿದ್ದೆ, ನಾನೇ ತಂದೆ" ಎಂದು ಕೊಟ್ಟ ಲಕೋಟೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಲೆಕ್ಕಕ್ಕೆ ಬರುವುದಿಲ್ಲ.