ತಲೆಯ ಮೇಲಿನ ಎಂಟು ಟನ್ ಮಣ್ಣು

ಕಲಬುರಗಿ, ಬೀದರ್ ಕಡೆಯ ಹಳೆಯ ಊರುಗಳಲ್ಲಿ ಮಾಳಿಗೆ ಮನೆ ಕಟ್ಟುವ ಬಗೆ ಎಲ್ಲರಿಗೂ ಗೊತ್ತು. ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ತೊಲೆ ಮತ್ತು ಜಂತಿ, ಜಂತಿಗಳ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಮಳೆಗಾಲದಲ್ಲಿ ಸೋರಿದರೆ ಮೇಲೆ ಹತ್ತಿ ಇನ್ನೊಂದು ಪದರ ಮಣ್ಣು ಹಾಕಿ ಬಡಿದರಾಯಿತು. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪ ಹಾಕುತ್ತಾನೆ, ಅಪ್ಪನದರ ಮೇಲೆ ಮಗ. ಹಳೆಯದನ್ನು ಕೆಳಗಿಳಿಸುವವರು ಮಾತ್ರ ಯಾರೂ ಇಲ್ಲ.

ಗಡಿಯಾಚೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳ ಮನೆಗಳೂ ಹೀಗೇ ಇದ್ದವು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ನೀರಿಗೆ ಬಿಟ್ಟು ಬಂದ ಜನ ಗಾಢ ನಿದ್ದೆಯಲ್ಲಿದ್ದಾಗ ನೆಲ ನಡುಗಿತು. ಭೂಕಂಪದ ತೀವ್ರತೆ 6.2. ಇಷ್ಟೇ ತೀವ್ರತೆಯ ಕಂಪನ ಬೇರೆಡೆ ಎಷ್ಟೋ ಬಾರಿ ಹೆಚ್ಚು ಸಾವಿಲ್ಲದೆ ದಾಟಿಹೋಗಿದೆ. ಇಲ್ಲಿ ಸುಮಾರು ಎಂಟು ಸಾವಿರ ಜನ ಸತ್ತರು. ಬಹುತೇಕರು ಸತ್ತದ್ದು ತಮ್ಮದೇ ಮನೆಯ ಕಲ್ಲು ಮಣ್ಣಿನಡಿ.

ಆ ಮಣ್ಣು ಎಷ್ಟಿರುತ್ತದೆ ಎಂದು ಲೆಕ್ಕ ಹಾಕೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದೇ ಒಂದು ಕೋಣೆ ಎಂದುಕೊಳ್ಳಿ. ಮೇಲೆ ಒಂದೂವರೆ ಅಡಿ ಮಣ್ಣು. ಅದರ ತೂಕ ಸುಮಾರು 8 ಟನ್. ಅದೇ ಕೋಣೆಗೆ ಐದಿಂಚಿನ ಆರ್‌ಸಿಸಿ ಸ್ಲ್ಯಾಬ್ ಹಾಕಿದರೆ ಸುಮಾರು ಮೂರೂವರೆ ಟನ್. ಮಂಗಳೂರು ಹೆಂಚಾದರೆ ಮರಮುಟ್ಟು ಸೇರಿ ಮುಕ್ಕಾಲು ಟನ್ನಿನ ಆಸುಪಾಸು. ಕಬ್ಬಿಣದ ಪೈಪಿನ ಮೇಲೆ ತಗಡಿನ ಶೀಟಾದರೆ ನೂರೈವತ್ತು ಕಿಲೋ ಚಿಲ್ಲರೆ.

ನೆಲ ಸುಮ್ಮನಿರುವಾಗ ಈ ತೂಕ ನೇರ ಕೆಳಗೆ ಒತ್ತುತ್ತದೆ, ಕಲ್ಲಿನ ಗೋಡೆ ಅದನ್ನು ನೂರು ವರ್ಷ ಹೊತ್ತೀತು. ಭೂಕಂಪ ಬಂದಾಗ ಬುಡ ಪಕ್ಕಕ್ಕೆ ಸರಿಯುತ್ತದೆ, ಮೇಲಿನ ಭಾರ ಇದ್ದಲ್ಲೇ ಉಳಿಯಲು ನೋಡುತ್ತದೆ. ಬಸ್ಸು ಜಗ್ಗಿ ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ಗೋಡೆಗೆ ಬೀಳುವ ಈ ಅಡ್ಡ ತಳ್ಳು ಭಾರಕ್ಕೆ ತಕ್ಕಂತೆ ಏರುತ್ತದೆ. ತೂಕದ ಹತ್ತನೇ ಒಂದು ಪಾಲಿನಷ್ಟು ತಳ್ಳು ಬಂದರೂ ಮಣ್ಣಿನ ಮಾಳಿಗೆ ಗೋಡೆಯ ತಲೆಯನ್ನು 800 ಕಿಲೋ ಬಲದಿಂದ ಅತ್ತಿತ್ತ ನೂಕುತ್ತದೆ. ತಗಡಾದರೆ ಅದೇ ನೂಕು ಹದಿನೈದು ಕಿಲೋ.

ಕಿಲ್ಲಾರಿಯ ಗೋಡೆಗಳು ನೋಡಲು ಕೋಟೆಯಂತಿದ್ದವು, ಕೆಲವು ನಾಲ್ಕೈದು ಅಡಿ ದಪ್ಪ. ಆದರೆ ಅದು ಒಂದೇ ಗೋಡೆಯಲ್ಲ. ಒಳಮೈಗೊಂದು ಸಾಲು ಕಲ್ಲು, ಹೊರಮೈಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲುಗಳೇ ಇರಲಿಲ್ಲ. ಅಲುಗಿದಾಗ ನಡುವಿನ ಚೂರು ಕೆಳಗೆ ಕುಸಿದು, ಎರಡು ಸಾಲೂ ಬೇರೆಯಾಗಿ, ಗೋಡೆ ಹೊಟ್ಟೆ ಬಿಟ್ಟು ಒಡೆಯಿತು. ಮಾಳಿಗೆ ಕೆಳಗಿಳಿಯಿತು. ಸೂರನ್ನು ಗೋಡೆಯ ಬದಲು ಮರದ ಕಂಬಗಳು ಹೊತ್ತಿದ್ದ ಕಡೆ ಗೋಡೆ ಬಿದ್ದರೂ ಕಂಬ ಮತ್ತು ಮಾಳಿಗೆ ಎಷ್ಟೋ ಕಡೆ ನಿಂತವು.

ಹೆಂಚು ಮಣ್ಣಿಗಿಂತ ಎಷ್ಟೋ ಹಗುರ ನಿಜ, ಆದರೆ ಬಿಡಿಬಿಡಿ. ಜಾರಿ ಬೀಳುತ್ತದೆ, ಗೋಡೆಗಳ ತಲೆಯನ್ನು ಒಂದಕ್ಕೊಂದು ಕಟ್ಟಿಹಾಕುವುದೂ ಇಲ್ಲ. 1995ರಲ್ಲಿ ಜಪಾನಿನ ಕೋಬೆಯಲ್ಲಿ ಮಣ್ಣಿನ ಮೇಲೆ ಕೂರಿಸಿದ ಭಾರದ ಹೆಂಚುಗಳ ಹಳೆಯ ಮರದ ಮನೆಗಳು ಸಾಲುಸಾಲಾಗಿ ಕುಸಿದವು. ಸ್ಲ್ಯಾಬಿನ ವಿಷಯ ಬೇರೆ. ಕಂಬ, ತೊಲೆಗಳ ಕಬ್ಬಿಣದೊಂದಿಗೆ ಸರಿಯಾಗಿ ಹೆಣೆದ ಸ್ಲ್ಯಾಬ್ ಮನೆಯನ್ನು ಒಟ್ಟಿಗೆ ಹಿಡಿದಿಡುತ್ತದೆ. ನನಗೆ ಹೆದರಿಕೆ, ಹಳೆಯ ಮಣ್ಣುಗಾರೆಯ ಗೋಡೆಯನ್ನು ಹಾಗೇ ಬಿಟ್ಟು, ಮಾಳಿಗೆ ತೆಗೆದು ಸ್ಲ್ಯಾಬ್ ಎರೆಸುವವರನ್ನು ಕಂಡಾಗ. ಗೋಡೆ ಪುಡಿಯಾದರೆ ಸ್ಲ್ಯಾಬ್ ಒಡೆಯದೆ ಇಡಿಯಾಗಿ ಕೆಳಗೆ ಬರುತ್ತದೆ, ಅಡಿಯಲ್ಲಿ ತೆವಳಲೂ ಸಂದು ಉಳಿಯುವುದಿಲ್ಲ.

ತಗಡಿಗೂ ಅದರದೇ ತೊಂದರೆಗಳಿವೆ. ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತದೆ, ಗಾಳಿಗೆ ಹಾರುತ್ತದೆ. ಶೀಟಿನ ಮೇಲೆ ಕಲ್ಲು ಪೇರಿಸಿದರೆ ಹಗುರ ಮಾಡಿದ ಕೆಲಸವೇ ಹಾಳು, ಆ ಕಲ್ಲು ಅಲುಗಾಟದಲ್ಲಿ ಬೀಳುವುದು ಬಾಗಿಲಲ್ಲಿ ಓಡಿಬಂದವರ ಮೇಲೆ. ಗೋಡೆಯ ತಲೆಯ ಮೇಲೆ ಸುತ್ತಲೂ ಒಂದೇ ಸಮ ಕಬ್ಬಿಣದ ಕಾಂಕ್ರೀಟ್ ಪಟ್ಟಿ ಎರೆದು, ಅದರಲ್ಲೇ ಬೋಲ್ಟು ಕೂರಿಸಿ ಪೈಪುಗಳನ್ನು ಬಿಗಿಯಬೇಕು. ಆ ಪಟ್ಟಿ ಗಾಳಿಗೂ ಆಗುತ್ತದೆ, ಭೂಕಂಪಕ್ಕೂ ಆಗುತ್ತದೆ. ಪಟ್ಟಿಯಿಲ್ಲದಿದ್ದರೆ ತಗಡಿನಡಿಯ ಗೋಡೆಯೂ ತನ್ನ ತೂಕಕ್ಕೇ ಉರುಳಬಹುದು.

ಮಾಳಿಗೆ ಬಿಡಲು ಮನಸ್ಸಿಲ್ಲದವರಿಗೆ ನಡುವಿನ ದಾರಿಯಿದೆ. ಹಳೆಯ ಮಣ್ಣನ್ನು ಹಲಗೆಯವರೆಗೆ ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ನಾಲ್ಕಿಂಚು ಮಾತ್ರ ಮಣ್ಣು ಹಾಕುವುದು. ಸೋರಿಕೆ ತಡೆಯುವ ಕೆಲಸ ಹಾಳೆಯದು, ಆದ್ದರಿಂದ ವರ್ಷವರ್ಷ ಪದರ ಏರಿಸಬೇಕಿಲ್ಲ. ಎಂಟು ಟನ್ ಎರಡರ ಒಳಗೆ ಬರುತ್ತದೆ. ಆದರೆ ಮಣ್ಣಿಳಿಸುವ ಮೊದಲು ಗೌಂಡಿಯನ್ನು ಕರೆದು ಗೋಡೆಗೆ ತೂಕದ ಗುಂಡು ಇಳಿಬಿಡಿಸಿ ನೋಡಿ. ನಡುವೆ ಎಲ್ಲಾದರೂ ಕಲ್ಲು ದಾರವನ್ನು ಮುಂದಕ್ಕೆ ತಳ್ಳಿದರೆ ಆ ಗೋಡೆ ಆಗಲೇ ಹೊಟ್ಟೆ ಬಿಟ್ಟಿದೆ. ಮೊದಲು ಜಂತಿಗಳಿಗೆ ಆನಿಕೆ ಕೊಟ್ಟು, ಮಣ್ಣನ್ನು ಒಂದೇ ಮೂಲೆಗೆ ರಾಶಿ ಹಾಕದೆ ಎಲ್ಲ ಕಡೆಯಿಂದ ಸಮನಾಗಿ ಇಳಿಸಬೇಕು, ಆ ಗೋಡೆಯನ್ನು ಬಿಚ್ಚಿ ಉದ್ದ ಕಲ್ಲುಗಳಿಟ್ಟು ಮತ್ತೆ ಕಟ್ಟುವವರೆಗೆ ಅದರ ಪಕ್ಕ ಹಾಸಿಗೆ ಹಾಸಬಾರದು.